ಮೂರೂವರೆ ವರ್ಷ ಬೇರೆ ಊರಲ್ಲಿದ್ದ ಹೆಂಡತಿ ಈಗ ಬರುತ್ತಿದ್ದಾಳೆ, ಅವಳಿಗೆ ಬರೆದ ಮೆಸೇಜ್ ಸರಿ ಇದೆಯಾ ನೋಡಿ

ಉತ್ತರಹಳ್ಳಿ ಹುಡುಗ

ನಮಸ್ಕಾರ ಎಲ್ಲರಿಗೂ. ಮೆಸೇಜ್ ಬರೆದುಕೊಡಿ ಅಂತ ಕೇಳುತ್ತಿಲ್ಲ, ಬರೆದಾಗಿದೆ. ಕಳಿಸುವ ಮುಂಚೆ ನಾಲ್ಕು ಜನಕ್ಕೆ ತೋರಿಸೋಣ ಅನ್ನಿಸಿತು, ಗೆಳೆಯರಿಗೆ ತೋರಿಸಿದರೆ ಜನ್ಮವಿಡೀ ಆಡಿಕೊಳ್ಳುತ್ತಾರೆ.

ಹೆಂಡತಿ ಸರ್ಕಾರಿ ಬ್ಯಾಂಕಿನಲ್ಲಿ ಆಫೀಸರ್. ಮದುವೆಯಾಗಿ ಐದು ತಿಂಗಳಿಗೆ ಕಲಬುರಗಿಗೆ ಹಾಕಿದರು. ಅಂದಿನಿಂದ ಮೂರೂವರೆ ವರ್ಷ, ತಿಂಗಳಿಗೊಮ್ಮೆ ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವುದು ಅಥವಾ ಅವಳು ಹತ್ತುವುದು, ರಾತ್ರಿ ಕೂತರೆ ಬೆಳಿಗ್ಗೆ ಇಳಿಯುವುದು, ಮತ್ತೆ ಭಾನುವಾರ ರಾತ್ರಿ ವಾಪಸ್. ದಿನಾ ರಾತ್ರಿ ಒಂಬತ್ತೂವರೆಗೆ ಫೋನ್. ಕಳೆದ ವಾರ ಬೆಂಗಳೂರಿಗೆ ಆರ್ಡರ್ ಬಂತು, ಯಲಹಂಕದ ಒಂದು ಶಾಖೆಗೆ. ಇನ್ನು ಇಪ್ಪತ್ತು ದಿನದಲ್ಲಿ ರಿಲೀವ್ ಆಗುತ್ತಾಳೆ.

ನಾನು ಬರೆದದ್ದು ಇದು:

"ಅಂತೂ ನಮ್ಮ ವನವಾಸ ಮುಗಿಯಿತು ಕಣೇ. ಇನ್ನು ನೀನು ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡ. ಮನೆ ರೆಡಿ ಇದೆ, ನೀನು ಬಂದರೆ ಸಾಕು. ಇನ್ಮೇಲೆ ದಿನಾ ಸಂಜೆ ಒಟ್ಟಿಗೆ ಕಾಫಿ, ರಾತ್ರಿ ಒಟ್ಟಿಗೆ ಊಟ. ಫೋನಲ್ಲಿ ಜಗಳ ಆಡಿ ಅರ್ಧಕ್ಕೆ ಕಟ್ ಮಾಡುವುದು ಇರಲ್ಲ. ನಿನ್ನನ್ನು ರಾಣಿ ಥರ ನೋಡಿಕೊಳ್ಳುತ್ತೇನೆ."

ಜಾಸ್ತಿ ಸಿನಿಮಾ ಥರ ಆಯಿತಾ? ಅಥವಾ ಚಿಕ್ಕದಾಯಿತಾ?

ದಾವಣಗೆರೆ ಬೆಣ್ಣೆ

ಸೂಪರ್ ಇದೆ ಗುರು. ಕಳಿಸಿಬಿಡಿ. ಕೊನೆಗೆ ಒಂದು ಹಾರ್ಟ್ ಹಾಕಿ.

ನೇರಮಾತು

ಮೆಸೇಜೇ ಬೇಡ. ಇಂಥದ್ದನ್ನೆಲ್ಲ ಎದುರಿಗೆ ಕೂತು ಮಾತಾಡಬೇಕು. ಇನ್ನೊಂದು ಮಾತು, ದೂರ ಇದ್ದು ಒಂದಾದವರಲ್ಲಿ ಅರ್ಧಕ್ಕರ್ಧ ಜನ ಮೂರು ತಿಂಗಳಲ್ಲಿ ಡೈವೋರ್ಸ್ ಆಗುತ್ತಾರಂತೆ, ಅಮೆರಿಕದಲ್ಲಿ ಸ್ಟಡಿ ಮಾಡಿದ್ದಾರೆ. ಹೆದರಿಸಲು ಹೇಳುತ್ತಿಲ್ಲ. ಆದರೆ ರಾಣಿ ಗೀಣಿ ಅಂತ ಬರೆಯುವ ಮುಂಚೆ ಗೊತ್ತಿರಲಿ.

ವರ್ಗಾವಣೆ ಯಾವಾಗ

ಸರ್, ಮೂರೂವರೆ ವರ್ಷಕ್ಕೇ ಹೇಗೆ ಸಿಕ್ಕಿತು? ನನ್ನ ಹೆಂಡತಿಯದೂ ಸರ್ಕಾರಿ ಬ್ಯಾಂಕೇ, ರಾಯಚೂರಲ್ಲಿದ್ದಾಳೆ, ನಾಲ್ಕು ವರ್ಷ ಆಯಿತು. ಗಂಡ ಬೆಂಗಳೂರಲ್ಲಿದ್ದಾನೆ ಅಂತ ಅರ್ಜಿ ಕೊಟ್ಟಿದ್ದೇವೆ. ಯಾರಿಗೆ ಬರೆದಿರಿ, ಏನೆಂದು ಬರೆದಿರಿ, ದಯವಿಟ್ಟು ಆ ಪತ್ರದ ನಮೂನೆ ಹಾಕಿ.

ಉತ್ತರಹಳ್ಳಿ ಹುಡುಗ

ಸರ್, ನಾನು ಕೇಳಿದ್ದು ಹೆಂಡತಿಗೆ ಕಳಿಸುವ ಮೆಸೇಜ್ ಬಗ್ಗೆ, ಬ್ಯಾಂಕಿಗೆ ಕೊಡುವ ಅರ್ಜಿ ಬಗ್ಗೆ ಅಲ್ಲ 😀

ಮಧ್ಯಾಹ್ನದ ಮಳೆ

ನೇರಮಾತು ಅವರು ಹೇಳಿದ ಅಧ್ಯಯನ ಇರುವುದು ನಿಜ, ಆದರೆ ಹೇಳಿದ್ದು ಅರ್ಧ ಮಾತ್ರ ಸರಿ. ನಾನು ಮೈಸೂರಿನಲ್ಲಿ ದಂಪತಿಗಳ ಜೊತೆ ಕೂತು ಮಾತಾಡುವ ಕೆಲಸ ಮಾಡುವವಳು, ಅದನ್ನು ಓದಿದ್ದೇನೆ. ಲಾರಾ ಸ್ಟಾಫರ್ಡ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಅವರು ಕೇಳಿದ್ದು ಅಮೆರಿಕದ ಕಾಲೇಜು ಪ್ರೇಮಿಗಳನ್ನು. ಒಂದೇ ಊರಿಗೆ ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜೋಡಿಗಳು ಮೂರು ತಿಂಗಳೊಳಗೆ ಬೇರೆಯಾದವು. ಅರ್ಧ ಅಲ್ಲ, ಡೈವೋರ್ಸ್ ಅಂತೂ ಅಲ್ಲವೇ ಅಲ್ಲ, ಅವರಿಗೆ ಮದುವೆಯೇ ಆಗಿರಲಿಲ್ಲ. ಆ ಲೆಕ್ಕವನ್ನು ತಂದು ಇವರ ಸಂಸಾರಕ್ಕೆ ಅಂಟಿಸಲು ಬರುವುದಿಲ್ಲ.

ಆದರೆ ಅದರಲ್ಲಿ ಉಪಯೋಗಕ್ಕೆ ಬರುವ ಇನ್ನೊಂದು ವಿಷಯ ಇದೆ. ಒಂದಾದ ಮೇಲೆ ಏನನ್ನು ಕಳೆದುಕೊಂಡಿರಿ ಅಂತ ಕೇಳಿದಾಗ ಜನ ಹೇಳಿದ್ದು ಇಷ್ಟು: ತಮ್ಮ ಪಾಡಿಗೆ ತಾವಿರುವ ಹೊತ್ತು, ತಮ್ಮ ಟೈಮ್ ತಾವೇ ಇಟ್ಟುಕೊಳ್ಳುವ ಸ್ವಾತಂತ್ರ್ಯ, ಕಾಯುವುದರಲ್ಲಿದ್ದ ಖುಷಿ. ಅಂದರೆ ದೂರ ಇರುವಾಗ ಬರೀ ಕಷ್ಟ ಇರುವುದಿಲ್ಲ, ಅಲ್ಲಿ ಒಂದು ಬದುಕೂ ಕಟ್ಟಿಕೊಂಡಿರುತ್ತೆ.

ಈಗ ನಿಮ್ಮ ಮೆಸೇಜ್ ಇನ್ನೊಮ್ಮೆ ಓದಿ. "ವನವಾಸ" ಅಂದಿರಿ. ನಿಮಗೆ ವನವಾಸ ಇರಬಹುದು. ಅವರು ಅಲ್ಲಿ ಮೂರೂವರೆ ವರ್ಷ ಒಬ್ಬರೇ ಮನೆ ಮಾಡಿಕೊಂಡು, ಕೆಲಸ ಮಾಡಿ, ಆ ಊರಲ್ಲಿ ನಾಲ್ಕು ಜನರನ್ನು ಸಂಪಾದಿಸಿದ್ದಾರೆ. ಅದಕ್ಕೂ ವನವಾಸ ಅಂದರೆ ಹೇಗೆ? ಆಮೇಲೆ "ಮನೆ ರೆಡಿ ಇದೆ, ಬಂದರೆ ಸಾಕು". ಯಾರ ಮನೆ? ನೀವು ಸುಮ್ನೆ ಪ್ರೀತಿಯಿಂದ ಬರೆದದ್ದು, ಗೊತ್ತು. ಆದರೆ ಓದುವವರಿಗೆ ಕೇಳಿಸುವುದು ನೆಂಟರನ್ನು ಕರೆದ ಹಾಗೆ.

ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರಹಳ್ಳಿಯಿಂದ ಯಲಹಂಕಕ್ಕೆ ದಿನಾ ಹೋಗಿ ಬಂದು "ಸಂಜೆ ಒಟ್ಟಿಗೆ ಕಾಫಿ" ಎಷ್ಟು ಗಂಟೆಗೆ ಕುಡಿಯುತ್ತೀರಿ?

ಉತ್ತರಹಳ್ಳಿ ಹುಡುಗ

ಅಯ್ಯೋ. ಅದನ್ನು ನಾನು ನಿಜವಾಗಿ ಯೋಚನೆ ಮಾಡಿರಲಿಲ್ಲ. ಬೆಂಗಳೂರು ಅಂದರೆ ಬೆಂಗಳೂರು ಅಂದುಕೊಂಡಿದ್ದೆ. ಇಷ್ಟು ವರ್ಷ ರೈಲಲ್ಲಿ ರಾತ್ರಿಯಿಡೀ ಹೋಗುತ್ತಿದ್ದವನಿಗೆ ಊರೊಳಗಿನ ಮೂವತ್ತು ಕಿಲೋಮೀಟರ್ ಲೆಕ್ಕಕ್ಕೇ ಬರಲಿಲ್ಲ.

ಹಡಗಿನವನ ಹೆಂಡತಿ

ಮಂಗಳೂರಿನಿಂದ. ನನ್ನ ಗಂಡ ಮರ್ಚೆಂಟ್ ನೇವಿ. ಮದುವೆಯಾಗಿ ಹದಿನಾಲ್ಕು ವರ್ಷ, ಅದರಲ್ಲಿ ಅರ್ಧ ಅವರು ನೀರಿನ ಮೇಲೆ. ನೀವು ಒಂದು ಸಲ ಒಂದಾಗುತ್ತಿದ್ದೀರಿ, ನಾವು ವರ್ಷಕ್ಕೊಂದು ಸಲ ಒಂದಾಗುತ್ತೇವೆ, ಅದಕ್ಕೆ ಹೇಳುತ್ತಿದ್ದೇನೆ.

ಹಡಗಿನಿಂದ ಸೈನ್ ಆಫ್ ಆಗಿ ಮನೆಗೆ ಬಂದ ಮೊದಲ ವಾರ ಹಬ್ಬ. ಮೀನು, ನೆಂಟರು, ಬೀಚ್. ಎರಡನೇ ವಾರ ಶುರು ನೋಡಿ. ಮೊದಮೊದಲು ಇವರು ಬಂದ ಹತ್ತನೇ ದಿನಕ್ಕೆ ನನ್ನ ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಲೇಬಲ್ ಅಂಟಿಸಿದರು, ಹಡಗಿನ ಸ್ಟೋರ್ ಥರ. ಸಹಾಯ ಮಾಡಿದೆ ಅಂದುಕೊಂಡಿದ್ದರು ಪಾಪ. ನಾನು ಅವತ್ತು ಕೊತ್ತಂಬರಿ ಡಬ್ಬಿ ಸಿಗದೆ ಅತ್ತೆ. ಅಳು ಬಂದದ್ದು ಕೊತ್ತಂಬರಿಗಲ್ಲ. ಎಂಟು ತಿಂಗಳು ಗ್ಯಾಸು, ಕರೆಂಟು, ಮಗನ ಜ್ವರ ಎಲ್ಲಾ ನೋಡಿಕೊಂಡವಳು ನಾನು, ಒಂದು ಮಧ್ಯಾಹ್ನದಲ್ಲಿ ನನ್ನ ಅಡುಗೆಮನೆಯಲ್ಲೇ ನನಗೆ ಏನೂ ಗೊತ್ತಿಲ್ಲದ ಹಾಗೆ ಆಯಿತು.

ಈಗ ಅವರು ಇಳಿಯುವ ಹದಿನೈದು ದಿನ ಮುಂಚೆ ನಾನೇ ಮೆಸೇಜ್ ಹಾಕುತ್ತೇನೆ. ಅದರಲ್ಲಿ ಪ್ರೀತಿ ಗೀತಿ ಕಮ್ಮಿ. ಮನೆಯಲ್ಲಿ ಏನೇನು ಬದಲಾಗಿದೆ ಅಂತ ಬರೆಯುತ್ತೇನೆ. ಮಗ ಈಗ ಒಬ್ಬನೇ ಮಲಗುತ್ತಾನೆ. ನಿನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ ಈಗ ನನ್ನ ಹೊಲಿಗೆ ಸಾಮಾನು ಇದೆ, ಅದನ್ನು ತೆಗೆಯುವುದಿಲ್ಲ. ಬೆಳಿಗ್ಗೆ ಐದೂವರೆಯಿಂದ ಆರೂವರೆ ನನ್ನ ಟೈಮು, ಮಾತಾಡಿಸಬೇಡ. ಓದಿ ಅವರು ನಗುತ್ತಾರೆ, ಆದರೆ ಬಂದ ಮೇಲೆ ಆ ಗಂಟೆ ನನ್ನನ್ನು ಮಾತಾಡಿಸುವುದಿಲ್ಲ.

ನಿಮ್ಮದರಲ್ಲಿ ಉಲ್ಟಾ, ಬರುವವರು ಅವರು, ಮನೆಯಲ್ಲಿ ಇರುವವರು ನೀವು. ಹಾಗಾಗಿ ಮನೆ ಹೇಗಿದೆ ಅಂತ ಉಳ್ಳದ್ದನ್ನು ಉಳ್ಳ ಹಾಗೆ ಹೇಳಬೇಕಾದವರು ನೀವೇ. ಕಪಾಟು ಖಾಲಿ ಇದೆಯಾ?

ಉತ್ತರಹಳ್ಳಿ ಹುಡುಗ

ಕಪಾಟು... ಎರಡು ಬೆಡ್‌ರೂಮ್ ಮನೆ. ಒಂದರಲ್ಲಿ ನಾನು. ಇನ್ನೊಂದರಲ್ಲಿ ತಮ್ಮ ಇದ್ದಾನೆ. ಒಂದೂವರೆ ವರ್ಷದಿಂದ. ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾನೆ, ವಿಜಯನಗರದಲ್ಲಿ ಕೋಚಿಂಗ್. ನನ್ನ ರೂಮಿನ ಕಪಾಟಿನ ಅರ್ಧ ಅವನ ಪುಸ್ತಕ.

ನೇರಮಾತು

ತಮ್ಮ ಅಲ್ಲೇ ಇರುವುದು ಅವರಿಗೆ ಗೊತ್ತಿದೆ ತಾನೇ?

ಉತ್ತರಹಳ್ಳಿ ಹುಡುಗ

ಅದೇ ಈಗ ಬಂದಿರುವುದು. ಅವನು ಮೊದಲು ಎರಡು ತಿಂಗಳಿಗೆ ಅಂತ ಬಂದಿದ್ದ, ಹಾಗೆಂದೇ ಹೇಳಿದ್ದೆ. ಆಮೇಲೆ "ಬಂದು ಹೋಗಿ ಮಾಡುತ್ತಾನೆ" ಅಂತ ಹೇಳಿಕೊಂಡು ಬಂದೆ. ಅವಳು ಬರುವ ವಾರ ಅವನು ಊರಿಗೆ ಹೋಗುತ್ತಿದ್ದ, ತುಮಕೂರು ಪಕ್ಕದಲ್ಲೇ ಅಲ್ವಾ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಪ್ರತಿ ಸಲ ಫೋನಲ್ಲಿ ಆ ವಿಷಯ ತೆಗೆದರೆ ಒಂಬತ್ತೂವರೆಯ ಅರ್ಧ ಗಂಟೆ ಅದರಲ್ಲೇ ಹೋಗುತ್ತೆ ಅಂತ ಮುಂದೂಡಿದೆ. ಮುಂದೂಡಿ ಮುಂದೂಡಿ ಒಂದೂವರೆ ವರ್ಷ ಆಯಿತು.

ದಾವಣಗೆರೆ ಬೆಣ್ಣೆ

ಹಾರ್ಟ್ ಹಾಕಬೇಡಿ ಗುರು. ಸ್ವಲ್ಪ ತಡೀರಿ.

ಮಧ್ಯಾಹ್ನದ ಮಳೆ

ಹೇಳಿದ್ದು ಒಳ್ಳೆಯದಾಯಿತು. ದೂರದ ಸಂಸಾರದಲ್ಲಿ ಇದು ತುಂಬಾ ಆಗುತ್ತೆ. ಫೋನಿನ ಹೊತ್ತು ಕಮ್ಮಿ, ಅದನ್ನು ಕೆಡಿಸಬಾರದು ಅಂತ ಇಬ್ಬರೂ ಕಿರಿಕಿರಿಯ ವಿಷಯಗಳನ್ನು ಬದಿಗಿಡುತ್ತಾರೆ. ಹಾಗೆ ಬದಿಗಿಟ್ಟದ್ದೆಲ್ಲ ಒಂದೇ ಮನೆಗೆ ಬಂದ ಮೊದಲ ತಿಂಗಳು ಸಾಲಾಗಿ ಬಂದು ನಿಲ್ಲುತ್ತೆ. ಅವರ ಕಡೆಯೂ ನಿಮಗೆ ಹೇಳದ ಒಂದೆರಡು ಇರಬಹುದು, ತಯಾರಾಗಿರಿ.

ನನ್ನ ಪ್ರಕಾರ ತಮ್ಮನ ವಿಷಯ ಮೆಸೇಜಿನಲ್ಲಿ ಹಾಕಬಾರದು. ಅದು ನೀವು ಮುಚ್ಚಿಟ್ಟ ವಿಷಯ. ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಬೇಕು, ಅವರಿಗೆ ಸಿಟ್ಟು ಬಂದರೆ ಕೇಳಿಸಿಕೊಳ್ಳಲು ನೀವು ಆ ಕಡೆ ಇರಬೇಕು. ಮೊದಲು ಫೋನ್, ಅದಾದ ಮೇಲೆ ಮೆಸೇಜ್.

ಸ್ಟುಟ್‌ಗಾರ್ಟ್ ಶಾರದೆ

ನಾನು ಒಪ್ಪುವುದಿಲ್ಲ. ಫೋನಲ್ಲಿ ಹೇಳಿದರೆ ಕೇಳಿದವರು ಆ ಕ್ಷಣವೇ ಏನಾದರೂ ಅನ್ನಬೇಕಾಗುತ್ತೆ. ಬರೆದು ಕಳಿಸಿದರೆ ಒಂದು ರಾತ್ರಿ ಇಟ್ಟುಕೊಂಡು ಯೋಚಿಸಬಹುದು. ನನಗಾದರೆ ಬರೆದದ್ದೇ ಇಷ್ಟ.

ನನ್ನ ಕಥೆ ಹೇಳುತ್ತೇನೆ. ನಾನು ಮೊದಲು ಜರ್ಮನಿಗೆ ಬಂದೆ, ಎರಡು ವರ್ಷ ಆದ ಮೇಲೆ ಗಂಡ ಬಂದ. ನನ್ನದು ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿ ಕೆಲಸಕ್ಕೆ ಬಂದವರಿಗೆ ಕೊಡುವ ಪರ್ಮಿಟ್, ಹಾಗಾಗಿ ಅವನ ವೀಸಾಗೆ ಎ1 ಅನ್ನುವ ಶುರುವಿನ ಮಟ್ಟದ ಜರ್ಮನ್ ಪರೀಕ್ಷೆ ಬೇಕಾಗಿರಲಿಲ್ಲ. ನಾನು ಬರೆದೆ: "ನೀನು ಏನೂ ಕಲಿಯಬೇಕಿಲ್ಲ, ಏನೂ ಯೋಚಿಸಬೇಕಿಲ್ಲ, ಎಲ್ಲಾ ನಾನು ನೋಡಿಕೊಳ್ಳುತ್ತೇನೆ, ಬಾ." ನಿಮ್ಮ "ತಲೆ ಕೆಡಿಸಿಕೊಳ್ಳಬೇಡ" ಓದಿದಾಗ ಅದೇ ನೆನಪಾಯಿತು. ಅವನು ನಂಬಿ ಹಾಗೇ ಬಂದ. ಹುಬ್ಬಳ್ಳಿಯಲ್ಲಿ ಹದಿನೈದು ಜನರ ಟೀಮ್ ನಡೆಸುತ್ತಿದ್ದ ಮನುಷ್ಯ ಇಲ್ಲಿ ಬೇಕರಿಗೆ ಹೋದರೆ ಬೆರಳು ತೋರಿಸಿ ಬ್ರೆಡ್ ತರುತ್ತಿದ್ದ. ಡಾಕ್ಟರ ಹತ್ತಿರ ಹೋದರೆ ನಾನು ಜೊತೆಗೆ ಹೋಗಬೇಕು, ಚಿಕ್ಕ ಮಗುವಿನ ಹಾಗೆ. ನಾಲ್ಕನೇ ತಿಂಗಳಲ್ಲಿ ಒಂದು ದಿನ ಆ ಮೆಸೇಜನ್ನೇ ತೆಗೆದು ನನ್ನ ಮುಂದೆ ಹಿಡಿದ, "ನೀನು ಹೀಗೆ ಬರೆದಿರದಿದ್ದರೆ ನಾನು ಆರು ತಿಂಗಳು ಮುಂಚೆಯೇ ಕ್ಲಾಸಿಗೆ ಸೇರುತ್ತಿದ್ದೆ" ಅಂದ. ಜಗಳಕ್ಕೆ ಹೇಳಿದ್ದಲ್ಲ, ನಿಜವನ್ನೇ ಹೇಳಿದ.

ಬರುವವರಿಗೆ ಏನೂ ಕೆಲಸ ಬಿಡದೆ ಎಲ್ಲಾ ನಾವೇ ಮುಗಿಸಿಟ್ಟರೆ ಅವರು ಆ ಮನೆಯಲ್ಲಿ ತುಂಬಾ ದಿನ ನೆಂಟರಾಗಿಯೇ ಉಳಿಯುತ್ತಾರೆ.

ಹಡಗಿನವನ ಹೆಂಡತಿ

ಬೇಕರಿ ವಿಷಯ ಓದಿ ಹೊಟ್ಟೆ ಚುರ್ ಅಂತು.

ಜೆಪಿ ನಗರ 7ನೇ ಹಂತ

ಮನೆ ವಿಷಯಕ್ಕೆ ಬರೋಣ. ನಿಮ್ಮ ಆಫೀಸ್ ಎಲ್ಲಿ?

ಉತ್ತರಹಳ್ಳಿ ಹುಡುಗ

ಜಯನಗರ. ಬೈಕಲ್ಲಿ ಅರ್ಧ ಗಂಟೆ.

ಜೆಪಿ ನಗರ 7ನೇ ಹಂತ

ಹಾಗಿದ್ದರೆ ನಿಮಗೆ ಆರಾಮ, ಅವರಿಗೆ ನರಕ. ಈಗ ಅವರು ಹೋಗಬೇಕಾದರೆ ಕೋಣನಕುಂಟೆ ಕ್ರಾಸ್‌ವರೆಗೆ ಬಂದು, ಹಸಿರು ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು ಅಥವಾ ಆಟೊ. ಯಲಹಂಕದವರೆಗೆ ಮೆಟ್ರೊ ಇನ್ನೂ ಓಡುತ್ತಿಲ್ಲ. ಮನೆ ಬಾಗಿಲಿನಿಂದ ಕ್ಯಾಷ್ ಕೌಂಟರ್‌ವರೆಗೆ ಎರಡು ಗಂಟೆ ಇಟ್ಟುಕೊಳ್ಳಿ. ಹೋಗಿ ಬರಲು ನಾಲ್ಕು. ಬ್ಯಾಂಕಿನವರು ಸಂಜೆ ಐದಕ್ಕೆ ಬಾಗಿಲು ಹಾಕಿ ಹೊರಡುವುದಿಲ್ಲ, ಲೆಕ್ಕ ಮುಗಿಸಿ ಹೊರಡುವಾಗ ಆರೂವರೆ ಏಳು. ನಿಮ್ಮ ಕಾಫಿ ರಾತ್ರಿ ಒಂಬತ್ತಕ್ಕೆ. ಅಂದರೆ ಒಂಬತ್ತೂವರೆ ಫೋನಿನ ಟೈಮಿಗೇ ಬಂದು ನಿಂತಿರಿ 🙂

ಒಂದು ದಾರಿ ಇದೆ. ಹಸಿರು ಮಾರ್ಗದ ಮೇಲೆಯೇ, ಮಧ್ಯದಲ್ಲಿ ಎಲ್ಲಾದರೂ ಮನೆ ನೋಡಿ. ಶ್ರೀರಾಂಪುರ, ಕುವೆಂಪು ರಸ್ತೆ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಆ ಕಡೆ. ನಿಮಗೆ ಜಯನಗರಕ್ಕೆ ರೈಲು ಬದಲಿಸದೆ ನೇರ. ಅವರಿಗೆ ಯಶವಂತಪುರ ಅಥವಾ ಮೇಖ್ರಿ ಸರ್ಕಲ್ ಕಡೆಯಿಂದ ಬಸ್ಸು. ಇಬ್ಬರಿಗೂ ಒಂದು ಗಂಟೆಯ ಆಸುಪಾಸು. ಬಾಡಿಗೆ ಮಾತ್ರ ಜಾಸ್ತಿ.

ಉತ್ತರಹಳ್ಳಿ ಹುಡುಗ

ಈಗ 18,000 ಕೊಡುತ್ತಿದ್ದೇನೆ, ಅಡ್ವಾನ್ಸ್ ಒಂದೂವರೆ ಲಕ್ಷ. ಅವಳು ಅಲ್ಲಿ 7,500 ಕೊಡುತ್ತಿದ್ದಾಳೆ, ಮಹಡಿ ಮೇಲಿನ ಒಂದು ರೂಮಿನ ಮನೆ. ಎರಡೂ ಸೇರಿದರೆ 25,500. ಅಷ್ಟರಲ್ಲೇ ಹೊಸ ಮನೆ ಸಿಕ್ಕರೆ ಕೈಯಿಂದ ಜಾಸ್ತಿ ಹೋದ ಹಾಗಾಗಲ್ಲ ಅಲ್ವಾ? ಇದು ನನಗೆ ಹೊಳೆದೇ ಇರಲಿಲ್ಲ. ಅವಳ ಬಾಡಿಗೆ ಉಳಿಯುತ್ತೆ ಅಂತ ಆ ದುಡ್ಡಿಗೆ ನಾನು ಮನಸ್ಸಲ್ಲೇ ಕಾರಿನ ಇಎಂಐ ಲೆಕ್ಕ ಹಾಕಿಬಿಟ್ಟಿದ್ದೆ.

ನೇರಮಾತು

ಅವರ ಬಾಡಿಗೆ ಉಳಿದರೆ ಅದು ಅವರ ದುಡ್ಡು ಸ್ವಾಮಿ.

ಜೆಪಿ ನಗರ 7ನೇ ಹಂತ

ಲೆಕ್ಕದಲ್ಲಿ ಇನ್ನೊಂದು ಸೇರಿಸಿಕೊಳ್ಳಿ. ಈಗಿನ ಮನೆ ಬಿಡಲು ಅಗ್ರಿಮೆಂಟಿನಲ್ಲಿ ಎಷ್ಟು ತಿಂಗಳ ನೋಟಿಸ್ ಅಂತ ಇದೆ ನೋಡಿ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಈ ಊರಿನ ವಾಡಿಕೆ. ಹಳೇ ಮನೆಯವರು ಅಡ್ವಾನ್ಸ್ ವಾಪಸ್ ಕೊಡುವ ಮುಂಚೆಯೇ ಹೊಸಬರು ಕೇಳುತ್ತಾರೆ. ಆ ನಡುವಿನ ಒಂದು ತಿಂಗಳಿಗೆ ಎರಡು ಎರಡೂವರೆ ಲಕ್ಷ ಕೈಯಲ್ಲಿ ಇರಬೇಕು. ಹಾಗಾಗಿ ಇಪ್ಪತ್ತು ದಿನದಲ್ಲಿ ಓಡಾಡಿ ಹಿಡಿಯಬೇಡಿ. ಅವರು ಬರಲಿ, ಎರಡು ತಿಂಗಳು ಹೇಗೋ ಕಷ್ಟಪಟ್ಟು ಓಡಾಡಲಿ, ಭಾನುವಾರ ಇಬ್ಬರೂ ಸೇರಿ ನೋಡಿ.

ಹಡಗಿನವನ ಹೆಂಡತಿ

ಎರಡು ತಿಂಗಳು ದಿನಾ ನಾಲ್ಕು ಗಂಟೆ ಓಡಾಡಿ ಮನೆಗೆ ಬಂದರೆ ಅಲ್ಲಿ ಮೈದುನ. ಇದನ್ನು ಹೇಳುವವರು ಗಂಡಸರೇ ಇರಬೇಕು. ಮುಂಚೆಯೇ ಮನೆ ಹಿಡಿಯಿರಿ. ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ಆಗದಾ?

ಜೆಪಿ ನಗರ 7ನೇ ಹಂತ

ವಿಡಿಯೋದಲ್ಲಿ ಬೋರ್‌ವೆಲ್ ನೀರು, ಪಕ್ಕದ ಮನೆಯ ಗೋಡೆ, ಮಧ್ಯಾಹ್ನದ ಬಿಸಿಲು ಕಾಣಿಸಲ್ಲ ಮೇಡಂ. ನಾನು ಹಾಗೆ ಹಿಡಿದು ಹನ್ನೊಂದು ತಿಂಗಳು ಅನುಭವಿಸಿದ್ದೇನೆ. ನಾನು ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ.

ಮಧ್ಯಾಹ್ನದ ಮಳೆ

ಇದನ್ನು ನಾವು ಇಲ್ಲಿ ತೀರ್ಮಾನ ಮಾಡಲು ಆಗುವುದಿಲ್ಲ, ಇವರೂ ಒಬ್ಬರೇ ಮಾಡುವ ಹಾಗಿಲ್ಲ. ಆದರೆ ಮೆಸೇಜಿಗೆ ಬೇಕಾದದ್ದು ಸಿಕ್ಕಿತು ನೋಡಿ. "ಮನೆ ರೆಡಿ ಇದೆ" ಇದ್ದ ಜಾಗದಲ್ಲಿ "ಮನೆ ಎಲ್ಲಿ ಮಾಡೋಣ" ಅಂತ ಬರಬೇಕು.

ಬರೆಯುವಾಗ ಎಲ್ಲಾ ಪ್ರಶ್ನೆ ಒಟ್ಟಿಗೆ ತುರುಕಬೇಡಿ. ಮನೆ, ದುಡ್ಡು, ಅಡುಗೆ, ಅತ್ತೆ ಮಾವ, ಮಗು, ಎಲ್ಲಾ ಒಂದೇ ಮೆಸೇಜಿನಲ್ಲಿ ಬಂದರೆ ಓದುವವರಿಗೆ ಅದು ಪ್ರಶ್ನೆಪತ್ರಿಕೆ. ಒಂದು ಪ್ರಶ್ನೆ ಸಾಕು. ಉತ್ತರ ಇವತ್ತೇ ಬೇಕಿಲ್ಲ ಅಂತಲೂ ಹೇಳಿ. ಯಾವಾಗ ಕಳಿಸುತ್ತೀರಿ ಅನ್ನುವುದೂ ನೋಡಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಕೌಂಟರಿನಲ್ಲಿ ಜನ ನಿಂತಿರುವಾಗ ಬೇಡ, ಬೀಳ್ಕೊಡುಗೆಯ ದಿನ ಬೇಡ. ಅವತ್ತು ಅವರು ಆ ಊರನ್ನು ಬಿಡುವ ಬೇಜಾರಲ್ಲಿರುತ್ತಾರೆ, ಆ ಬೇಜಾರು ನಿಮ್ಮ ಮೇಲಲ್ಲ.

ಮತ್ತೆ ಆ ಒಂಬತ್ತೂವರೆ ಫೋನಿನ ಬಗ್ಗೆ ಏನಾದರೂ ಬರೆಯಿರಿ. ಮೂರೂವರೆ ವರ್ಷ ದಿನಾ ಅರ್ಧ ಗಂಟೆ ಬೇರೆ ಕೆಲಸ ಇಲ್ಲದೆ ಬರೀ ಮಾತಾಡಿದ್ದೀರಿ. ಒಂದೇ ಮನೆಯಲ್ಲಿರುವ ಎಷ್ಟು ಗಂಡ ಹೆಂಡತಿ ದಿನಕ್ಕೆ ಅರ್ಧ ಗಂಟೆ ಹಾಗೆ ಕೂತು ಮಾತಾಡುತ್ತಾರೆ ಹೇಳಿ. ಜೊತೆಗೆ ಬಂದ ಮೇಲೆ ಮೊದಲು ಹೋಗುವುದು ಅದೇ.

ಮೇಷ್ಟ್ರು ಹಾಸನ

ನಮಗೆ 1991ರಲ್ಲಿ ಇದೆಲ್ಲ ಇರಲಿಲ್ಲ. ನಾನು ಬೀದರ್ ಜಿಲ್ಲೆಯ ಶಾಲೆಯಲ್ಲಿ, ಮನೆಯವರು ಇಲ್ಲಿ. ಇನ್‌ಲ್ಯಾಂಡ್ ಲೆಟರ್ ಹೋಗಿ ಬರಲು ಹತ್ತು ಹನ್ನೆರಡು ದಿನ. ವರ್ಗವಾಗಿ ಬಂದಾಗ ಒಂದು ಟ್ರಂಕ್ ಹಿಡಿದು ಬಸ್ಸಿನಿಂದ ಇಳಿದೆ ಅಷ್ಟೇ. ಮಗಳು ನನ್ನನ್ನು "ಮಾಮ" ಅಂತ ಕರೆದಳು. ಸರಿಹೋಗಲು ಒಂದು ವರ್ಷ ಹಿಡಿಯಿತು. ನೀವು ಇಷ್ಟೆಲ್ಲ ಮುಂಚೆಯೇ ಯೋಚಿಸುತ್ತಿದ್ದೀರಿ ಅಂದರೆ ಜಾಣರು ಅನ್ನಬೇಕೋ, ಸುಮ್ನೆ ತಲೆಬಿಸಿ ಮಾಡಿಕೊಳ್ಳುತ್ತೀರಿ ಅನ್ನಬೇಕೋ ಗೊತ್ತಾಗುತ್ತಿಲ್ಲ.

ಒಂದು ಕೆಲಸದ ಮಾತು. ಅವರ ಹೆಸರಲ್ಲಿ ಅಲ್ಲಿ ಗ್ಯಾಸ್ ಇದ್ದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತಗೊಂಡು ಬರಲಿ. ಲಾರಿಯಲ್ಲಿ ಸಿಲಿಂಡರ್ ಹಾಕಿಕೊಂಡು ಬರುವುದು ಬೇಡ. ಕೆಎ 32 ಸ್ಕೂಟರ್ ಇದ್ದರೆ ಚಿಂತೆ ಇಲ್ಲ, ರಾಜ್ಯದೊಳಗೇ ಆದ್ದರಿಂದ ಮತ್ತೆ ತೆರಿಗೆ ಕಟ್ಟಬೇಕಿಲ್ಲ, ವಿಳಾಸ ಬದಲಿಸಿದರೆ ಸಾಕು.

ವರ್ಗಾವಣೆ ಯಾವಾಗ

ಮೇಷ್ಟ್ರೇ, ನಿಮ್ಮದು ಆಗ ಪತಿ ಪತ್ನಿ ಪ್ರಕರಣದಲ್ಲಿ ಆಯಿತಾ?

ಮೇಷ್ಟ್ರು ಹಾಸನ

ಇಲ್ಲಪ್ಪ, ನಮ್ಮನೆಯವರು ಸರ್ಕಾರಿ ಕೆಲಸದಲ್ಲಿ ಇರಲಿಲ್ಲ. ಕಾದು ಕಾದು ಆಯಿತು.

ಉತ್ತರಹಳ್ಳಿ ಹುಡುಗ

ಎರಡು ದಿನ ಬರಲಾಗಲಿಲ್ಲ. ಫೋನ್ ಮಾಡಿದೆ. ಮಧ್ಯಾಹ್ನದ ಮಳೆ ಅವರು ಹೇಳಿದ ಹಾಗೆ ತಮ್ಮನ ವಿಷಯ ಬಾಯಿಬಿಟ್ಟು ಹೇಳಿದೆ. ಒಂದೂವರೆ ವರ್ಷದಿಂದ ಇಲ್ಲೇ ಇದ್ದಾನೆ, ನಾನು ಸರಿಯಾಗಿ ಹೇಳಲಿಲ್ಲ, ತಪ್ಪಾಯಿತು ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೂಲರ್ ಶಬ್ದ ಮಾತ್ರ ಕೇಳಿಸುತ್ತಿತ್ತು, ಅವಳ ಮನೆಯ ಕೂಲರ್ ಲೊಡಲೊಡ ಅನ್ನುತ್ತೆ, ಮೂರು ಬೇಸಿಗೆಯಿಂದ ನಮ್ಮ ಎಲ್ಲಾ ಮಾತಿನ ಹಿಂದೆ ಅದೇ ಶಬ್ದ. ಆಮೇಲೆ ಹೇಳಿದಳು: "ನನಗೆ ಗೊತ್ತು. ಹೋದ ಯುಗಾದಿಗೇ ಅವನೇ ಹೇಳಿದ, ಅತ್ತಿಗೆ ನಾನು ಇಲ್ಲೇ ಇದ್ದೀನಿ, ನಿಮಗೆ ತೊಂದರೆ ಇಲ್ಲ ತಾನೇ ಅಂತ. ನೀನು ಯಾವಾಗ ಹೇಳುತ್ತೀಯ ಅಂತ ಕಾಯುತ್ತಿದ್ದೆ."

ತಮ್ಮ ಇರುವುದಕ್ಕೆ ಬೇಜಾರಿಲ್ಲವಂತೆ. ಅವಳು ಬಂದಾಗಲೆಲ್ಲ ಅವನನ್ನು ಊರಿಗೆ ಕಳಿಸುತ್ತಿದ್ದೆನಲ್ಲ, ಅದಕ್ಕೆ ಬೇಜಾರು. "ನನ್ನಿಂದ ಅವನು ಪರೀಕ್ಷೆ ಹತ್ತಿರ ಇರುವಾಗ ಊರಿಗೆ ಹೋಗಬೇಕಾಯಿತು" ಅಂದಳು. ಅತ್ತಳು ಕೂಡ. ನಾನು ಏನು ಹೇಳಿದೆನೋ ನೆನಪಿಲ್ಲ. ಅರ್ಧಕ್ಕೆ ಕಟ್ ಆಗಲಿಲ್ಲ, ಅಷ್ಟು ಗೊತ್ತು.

ಅವಳ ಕಡೆಯದೂ ಒಂದು ಇತ್ತು. ಅದನ್ನು ಇಲ್ಲಿ ಹಾಕುವುದಿಲ್ಲ.

ನಿನ್ನೆ ರಾತ್ರಿ ಈ ಮೆಸೇಜ್ ಕಳಿಸಿದೆ:

"ನಿನ್ನೆ ಫೋನಲ್ಲಿ ಹೇಳಿದ್ದು ಇನ್ನೊಮ್ಮೆ ಬರೆಯುತ್ತಿದ್ದೇನೆ, ನಾನು ಮುಚ್ಚಿಟ್ಟದ್ದು ತಪ್ಪು. ನೀನು ಬರುವ ವಾರ ಅವನು ಎಲ್ಲಿಗೂ ಹೋಗುವುದಿಲ್ಲ.

ಮನೆ ರೆಡಿ ಇದೆ ಅಂತ ಬರೆಯಬೇಕು ಅಂದುಕೊಂಡಿದ್ದೆ. ರೆಡಿ ಇಲ್ಲ. ಇದು ನನಗೆ ಹೊಂದುವ ಜಾಗದಲ್ಲಿ ನಾನು ಮಾಡಿಕೊಂಡ ಮನೆ. ಇಲ್ಲಿಂದ ನಿನ್ನ ಶಾಖೆಗೆ ಹೋಗಲು ಎರಡು ಗಂಟೆ ಬೇಕು. ಮೆಟ್ರೊ ದಾರಿಯಲ್ಲಿ ಮಧ್ಯದಲ್ಲಿ ಎಲ್ಲಾದರೂ ಮನೆ ಮಾಡಬಹುದು, ನಾವಿಬ್ಬರೂ ಈಗ ಕೊಡುವ ಬಾಡಿಗೆ ಸೇರಿಸಿದರೆ ಆಗಬಹುದು ಅನ್ನಿಸುತ್ತೆ. ನೀನು ಬರುವ ಮುಂಚೆ ನೋಡಲಾ, ಬಂದ ಮೇಲೆ ಸೇರಿ ನೋಡೋಣವಾ? ಇವತ್ತೇ ಹೇಳಬೇಕಿಲ್ಲ.

ಕಪಾಟು ನಿನ್ನೆ ಖಾಲಿ ಮಾಡಿದೆ. ಎಡಗಡೆ ಪೂರ್ತಿ. ಮೇಲಿನ ಖಾನೆ ನಿನಗೆ ಎಟುಕಲ್ಲ ಅಂತ ಅದನ್ನು ನಾನೇ ಇಟ್ಟುಕೊಂಡಿದ್ದೇನೆ.

ಅಲ್ಲಿ ನಿನಗೆ ಅಂತ ಇದ್ದದ್ದು ಏನೇನು ಅಂತ ನನಗೆ ಪೂರ್ತಿ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ನೀನು ಮೇಲಿನ ಮನೆ ಅಕ್ಕನ ಜೊತೆ ಶರಣಬಸವೇಶ್ವರ ಕೆರೆ ಸುತ್ತಲು ಹೋಗುವುದು ಗೊತ್ತು. ಇಲ್ಲೂ ಆ ಹೊತ್ತು ನಿನ್ನದೇ ಇರಲಿ, ನಾನು ಬರುತ್ತೇನೆ ಅನ್ನಲ್ಲ.

ಒಂಬತ್ತೂವರೆಗೆ ಮಾತ್ರ ಫೋನ್ ಪಕ್ಕಕ್ಕಿಟ್ಟು ಅರ್ಧ ಗಂಟೆ ಕೂರೋಣ. ಬಾ ಕಣೇ. ತುಂಬಾ ಖುಷಿಯಾಗಿದೆ, ಸ್ವಲ್ಪ ಭಯವೂ ಆಗಿದೆ."

ಹಡಗಿನವನ ಹೆಂಡತಿ

ಮೇಲಿನ ಖಾನೆ ಎಟುಕಲ್ಲ ಅಂದದ್ದು ನನಗೆ ರಾಣಿಗಿಂತ ಹಿಡಿಸಿತು.

ಸ್ಟುಟ್‌ಗಾರ್ಟ್ ಶಾರದೆ

ಚೆನ್ನಾಗಿದೆ. "ಸೇರಿಸಿದರೆ ಆಗಬಹುದು" ಅಂತ ಅವರ ಬಾಡಿಗೆ ದುಡ್ಡನ್ನು ನೀವೇ ಸೇರಿಸಿಬಿಟ್ಟಿದ್ದೀರಿ, ಅದೊಂದು ಕೇಳಿ ಬರೆಯಬಹುದಿತ್ತು.

ನೇರಮಾತು

ಅದನ್ನೇ ನಾನೂ ಹೇಳಿದ್ದೆ. ಯಾರು ಕೇಳುತ್ತಾರೆ. ಸರಿ, ಉತ್ತರ ಏನು ಬಂತು?

ಉತ್ತರಹಳ್ಳಿ ಹುಡುಗ

ಮನೆ ಬಗ್ಗೆ ಇನ್ನೂ ಏನೂ ಹೇಳಿಲ್ಲ. ರಾತ್ರಿ ಓದಿದ್ದಾಳೆ, ನೀಲಿ ಗುರುತು ಬಂತು. ಬೆಳಿಗ್ಗೆ ಆರಕ್ಕೆ ಒಂದೇ ಸಾಲು ಬಂತು: "ಕೂಲರ್ ತರಲಾ, ಇಲ್ಲೇ ಮಾರಲಾ?"

ದಾವಣಗೆರೆ ಬೆಣ್ಣೆ

ತರಲಿ ಗುರು. ಆ ಶಬ್ದ ಇಲ್ಲದೆ ನಿಮಗೆ ಮಾತು ಬರುತ್ತೋ ಇಲ್ಲವೋ.

ವರ್ಗಾವಣೆ ಯಾವಾಗ

ಎಲ್ಲಾ ಒಳ್ಳೆಯದಾಗಲಿ ಸರ್. ಆ ಅರ್ಜಿ ಸಿಕ್ಕಿದರೆ ಮಾತ್ರ ಹಾಕಿ. 2014ರಲ್ಲಿ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳಿಗೆ ಮಹಿಳಾ ಉದ್ಯೋಗಿಗಳನ್ನು ಆದಷ್ಟು ಗಂಡ ಇರುವ ಊರಿಗೋ ಹತ್ತಿರಕ್ಕೋ ಹಾಕಿ ಅಂತ ಬರೆದಿದೆಯಲ್ಲ, ಅದನ್ನು ಅರ್ಜಿಯಲ್ಲಿ ಹೆಸರಿಸಿದ್ದಿರಾ?

ಉತ್ತರಹಳ್ಳಿ ಹುಡುಗ

ಹೆಸರಿಸಿದ್ದಳು ಸರ್. ಆದರೂ ಎರಡು ಸಲ ಖಾಲಿ ಜಾಗ ಇಲ್ಲ ಅಂತ ವಾಪಸ್ ಬಂದಿತ್ತು, ಮೂರನೇ ಸಲ ಆಯಿತು. ಅರ್ಜಿ ಬರೆದವಳು ಅವಳೇ, ಕೇಳಿ ಹಾಕುತ್ತೇನೆ. ಇವತ್ತು ಒಂಬತ್ತೂವರೆಗೆ ಕೇಳುತ್ತೇನೆ.